ಜೂಟ್ ಪರದೆ ಒಗೆದ ಮೇಲೆ ಕುಗ್ಗಿ, ಅಂಚಲ್ಲಿ ಕಂದು ಕಲೆ ಬಂದಿದೆ. ಹೆಂಪ್, ರೇಮಿ ಬಟ್ಟೆಗೂ ಇದೇ ಗತಿನಾ?

ಸುಮಾ_ಮೈಸೂರು
ಹಾಲ್‌ನ ಪಶ್ಚಿಮದ ಕಿಟಕಿಗೆ ಜೂಟ್-ಕಾಟನ್ ಪರದೆ ಹಾಕಿದ್ವಿ. ಲೇಬಲ್‌ನಲ್ಲಿ ಶೇ. 60 ಜೂಟ್, ಶೇ. 40 ಕಾಟನ್ ಅಂತಿದೆ. ಮೆಷಿನ್‌ನಲ್ಲಿ 40 ಡಿಗ್ರಿಯಲ್ಲಿ ಮಾಮೂಲಿ ಪೌಡರ್ ಹಾಕಿ, ಧೂಳು ಜಾಸ್ತಿ ಇತ್ತು ಅಂತ ಒಂದು ಚಮಚ ವಾಷಿಂಗ್ ಸೋಡಾನೂ ಸೇರಿಸಿ ಒಗೆದೆ. ಬಾಲ್ಕನಿಯಲ್ಲಿ ಉದ್ದಕ್ಕೆ ನೇತುಹಾಕಿ ಒಣಗಿಸಿದೆ. 84 ಇಂಚು ಇದ್ದದ್ದು ಈಗ 78.5 ಇಂಚು. ಕೆಳಗಿನ ಅಂಚಿನಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಗೆರೆ.

ಇದೇ ಬಗೆಯ ಇನ್ನೆರಡು ಬಟ್ಟೆ ಮನೆಯಲ್ಲಿವೆ. ಯಜಮಾನರ ಹೆಂಪ್ ಶರ್ಟ್ ಪ್ರತಿ ಸಲ ಒಣಗಿದಾಗಲೂ ರಟ್ಟಿನ ಹಾಗೆ ಆಗುತ್ತೆ. ರೇಮಿ ಶರ್ಟ್ ಒಂದಿದೆ, ನೋಡೋಕೆ ರೇಷ್ಮೆ ಹೊಳಪು, ಆದರೆ ಕಾಲರ್ ಮಡಿಚೋ ಗೆರೆಯಲ್ಲೇ ಎಳೆ ಬಿಡ್ತಾ ಇದೆ. ಮೂರೂ ಗಿಡದ ನಾರೇ ತಾನೆ, ಮೂರಕ್ಕೂ ಒಂದೇ ಥರ ಒಗೆಯೋ ಕ್ರಮ ಇದ್ದರೆ ಹೇಳಿ. ಪರದೆ ಉಳಿಯುತ್ತಾ?

ಮನೆಮದ್ದು_ಮಂಜುಳಾ
ಜೂಟ್‌ಗೆ ಏನೂ ಆಗಲ್ಲ ಸುಮಾ, ಗಾಬರಿ ಬೇಡ. 50 ಕಿಲೋ ಅಕ್ಕಿ ಹೊರುವ ಗೋಣಿಚೀಲದ ನಾರು ಅದು. ವಿನೆಗರ್ ಹಾಕಿದ ನೀರಲ್ಲಿ ನೆನೆಸಿಡಿ, ಕಲೆ ಹೋಗುತ್ತೆ. ಹೋಗದಿದ್ದರೆ ಎರಡು ಮುಚ್ಚಳ ಬ್ಲೀಚ್ ಹಾಕಿ, ಬೆಳ್ಳಗಾಗುತ್ತೆ.

ಹಾಸುಹೊಕ್ಕು
ವಿನೆಗರ್ ಸರಿ. ಬ್ಲೀಚ್ ಮಾತ್ರ ದಯವಿಟ್ಟು ಮುಟ್ಟಬೇಡಿ ಸುಮಾ ಅವರೇ. ಕ್ಲೋರಿನ್ ಬ್ಲೀಚ್ ಕಾಟನ್ ಮೇಲೆ ಮಾಡೋ ಕೆಲಸವೇ ಬೇರೆ, ಜೂಟ್ ಮೇಲೆ ಮಾಡೋ ಕೆಲಸವೇ ಬೇರೆ. ಜೂಟ್‌ನಲ್ಲಿ ನೂರಕ್ಕೆ ಸುಮಾರು 12 ಪಾಲು ಲಿಗ್ನಿನ್ ಇರುತ್ತೆ, ಅಂದರೆ ಮರಕ್ಕೆ ಗಟ್ಟಿತನ ಕೊಡುವ ಅದೇ ವಸ್ತು. ಕ್ಲೋರಿನ್ ಲಿಗ್ನಿನ್ ಜೊತೆ ಸೇರಿದರೆ ಬಿಳುಪಾಗುವ ಬದಲು ಹಳದಿ-ಕೇಸರಿ ಬಣ್ಣ ಬರುತ್ತೆ, ನಾರು ಬಲವನ್ನೂ ಕಳೆದುಕೊಳ್ಳುತ್ತೆ. ಆ ಬಣ್ಣ ಮತ್ತೆ ಹೋಗೋದಿಲ್ಲ.

ಗೋಣಿಚೀಲದ ಬಲದ ಮಾತೂ ಅರ್ಧ ಸರಿ. ಒಣಗಿದ ಜೂಟ್ ಎಳೆತಕ್ಕೆ ಗಟ್ಟಿ. ಆದರೆ ನಮ್ಮ ಕೈಗೆ ಸಿಗುವ ಜೂಟ್ ಎಳೆ ಒಂದೇ ನಾರಲ್ಲ. ಎರಡು-ಮೂರು ಮಿಲಿಮೀಟರ್ ಉದ್ದದ ಸಣ್ಣ ಕೋಶಗಳು ಅಂಟಿಕೊಂಡು ಆದ ಕಟ್ಟು ಅದು. ಆ ಅಂಟು ಅಂದರೆ ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್. ನೀರು ಅಂಟನ್ನು ಸಡಿಲಿಸುತ್ತೆ, ಸೋಡಾದಂಥ ಕ್ಷಾರ ಅದರಲ್ಲಿ ಸ್ವಲ್ಪ ಭಾಗವನ್ನು ಕರಗಿಸಿಯೇ ಬಿಡುತ್ತೆ. ಅದಕ್ಕೇ ಒದ್ದೆ ಜೂಟ್ ಒಣಗಿದ್ದಕ್ಕಿಂತ ದುರ್ಬಲ. ಕಾಟನ್, ಹೆಂಪ್, ರೇಮಿ ಹಾಗಲ್ಲ, ಒದ್ದೆಯಾದಾಗ ಅವುಗಳ ಬಲ ಹೆಚ್ಚೇ ಆಗುತ್ತೆ. ಹಾಗಾಗಿ ಮೂರಕ್ಕೂ ಒಂದೇ ಕ್ರಮ ಸಾಧ್ಯವಿಲ್ಲ.

ಪರದೆಯ ವಿಷಯಕ್ಕೆ ಬರುವ ಮೊದಲು ಮೂರು ವಿಷಯ ನೋಡಿ ಹೇಳಿ. ಅಗಲದಲ್ಲೂ ಕುಗ್ಗಿದೆಯಾ? ಅಂಚಿಂದ ಒಂದು ಉದ್ದದ ಎಳೆ, ಒಂದು ಅಡ್ಡದ ಎಳೆ ಬಿಡಿಸಿ ನೋಡಿ, ಯಾವುದು ಜೂಟ್? ಕಂದು ಗೆರೆ ಇರುವುದು ನೀರು ಕೊನೆಯಲ್ಲಿ ಇಳಿದು ನಿಂತ ಜಾಗದಲ್ಲೇನಾ?

ಸುಮಾ_ಮೈಸೂರು
ಅಗಲ 48 ಇದ್ದದ್ದು 47.5. ಉದ್ದದ ಎಳೆ ತೆಳು, ಮೆತ್ತಗಿದೆ, ಕಾಟನ್ ಅನಿಸುತ್ತೆ. ಅಡ್ಡದ ಎಳೆ ದಪ್ಪ, ಒರಟು. ಗೆರೆ ಸರಿಯಾಗಿ ಕೆಳಗಿನ ಮಡಿಕೆ ಮೇಲೇ ಇದೆ, ನೀರು ತೊಟ್ಟಿಕ್ಕುತ್ತಿದ್ದದ್ದು ಅಲ್ಲಿಂದಲೇ.

ಹಾಸುಹೊಕ್ಕು
ಹಾಗಾದರೆ ಕಾರಣ ಸ್ಪಷ್ಟ. ಹಾಸು ಕಾಟನ್, ಹೊಕ್ಕು ಜೂಟ್. ಜೂಟ್ ನೀರು ಕುಡಿದಾಗ ಉದ್ದಕ್ಕೆ ಬೆಳೆಯೋದಿಲ್ಲ, ದಪ್ಪದಲ್ಲಿ ಉಬ್ಬುತ್ತೆ, ಶೇ. 20ರ ಆಸುಪಾಸು. ಈಗ ಕಾಟನ್ ಹಾಸಿನ ಎಳೆ ಆ ದಪ್ಪಗಾದ ಹೊಕ್ಕಿನ ಮೇಲೆ ಹತ್ತಿ ಕೆಳಗೆ ಇಳಿದು ಹೋಗಬೇಕು. ದಾರಿ ಜಾಸ್ತಿಯಾಯಿತು, ಎಳೆಯ ಉದ್ದ ಅಷ್ಟೇ ಇದೆ, ಆದ್ದರಿಂದ ಬಟ್ಟೆ ಉದ್ದಕ್ಕೆ ಗಿಡ್ಡವಾಯಿತು. ಒಣಗಿದ ಮೇಲೆ ಜೂಟ್ ಮತ್ತೆ ತೆಳ್ಳಗಾದರೂ ಕಾಟನ್ ಆ ಅಂಕುಡೊಂಕಲ್ಲೇ ಕೂತುಬಿಟ್ಟಿರುತ್ತೆ. ಜೊತೆಗೆ ಕಾಟನ್‌ನ ಸ್ವಂತ ಕುಗ್ಗುವಿಕೆ ಬೇರೆ. ನಿಮ್ಮ ಲೆಕ್ಕದಲ್ಲಿ ಉದ್ದಕ್ಕೆ ಶೇ. 6.5, ಅಗಲಕ್ಕೆ ಶೇ. 1. ಹೊಕ್ಕು ಜೂಟ್ ಆಗಿರುವ ಬಟ್ಟೆ ಕುಗ್ಗುವ ರೀತಿಯೇ ಇದು.

ಕಂದು ಗೆರೆ ಕೊಳೆಯಲ್ಲ. ಜೂಟ್‌ನ ಒಳಗಿನ ಬಣ್ಣದ ಅಂಶ ಕ್ಷಾರದ ನೀರಲ್ಲಿ ಕರಗಿ, ನೀರಿನ ಜೊತೆ ಕೆಳಗಿಳಿದು, ಆರುವ ಜಾಗದಲ್ಲಿ ಉಳಿಯಿತು. ಸೋಡಾ ಹಾಕದಿದ್ದರೆ ಇಷ್ಟು ಬರುತ್ತಿರಲಿಲ್ಲ. ಕಾರ್ಪೆಟ್ ಅಡಿಯಲ್ಲಿ ಜೂಟ್ ಬಟ್ಟೆ ಇದ್ದು ಜಾಸ್ತಿ ನೀರು ಹಾಕಿ ತೊಳೆದರೂ ಹೀಗೇ ತುದಿಗೆ ಕಂದು ಏರುತ್ತೆ.

ಮಾಡಬೇಕಾದದ್ದು ಇಷ್ಟು. 10 ಲೀಟರ್ ತಣ್ಣೀರಿಗೆ 150 ಮಿಲಿ ಬಿಳಿ ವಿನೆಗರ್. ಕಲೆಯ ಜಾಗ ಮಾತ್ರ ಅದ್ದಿದರೆ ಅದರ ಸುತ್ತ ಹೊಸ ಗೆರೆ ಹುಟ್ಟುತ್ತೆ, ಪೂರ್ತಿ ಪರದೆಯನ್ನೇ ಮುಳುಗಿಸಿ. 15-20 ನಿಮಿಷ ಸಾಕು, ನಡುವೆ ಎರಡು ಸಲ ಮೇಲೆ ಕೆಳಗೆ ಮಾಡಿ. ಹಿಂಡಬೇಡಿ, ಉಜ್ಜಬೇಡಿ. ಒಂದು ಸಲ ಬರೀ ನೀರಲ್ಲಿ ಜಾಲಿಸಿ, ದೊಡ್ಡ ಟವೆಲ್ ಮೇಲೆ ಹಾಸಿ ಸುರುಳಿ ಸುತ್ತಿ ಅದುಮಿ. ಆಮೇಲೆ ಚಾಪೆ ಮೇಲೆ ಅಥವಾ ನಾಲ್ಕು ಹಗ್ಗಗಳ ಮೇಲೆ ಅಡ್ಡ ಮಲಗಿಸಿ, ಫ್ಯಾನ್ ಕೆಳಗೆ ನೆರಳಲ್ಲಿ ಒಣಗಿಸಿ. ನೀರು ಒಂದೇ ಕಡೆ ಇಳಿಯಬಾರದು ಅನ್ನುವುದೇ ಇದರ ಗುಟ್ಟು.

ನಿಂಬೆ ಉಪ್ಪು ಯಾಕೆ ಬೇಡ ಅಂತ ಕೇಳ್ತಾರೆ. ಅದೂ ಕೆಲಸ ಮಾಡುತ್ತೆ. ಆದರೆ ವಿನೆಗರ್ ಆರಿಹೋಗುತ್ತೆ, ನಿಂಬೆ ಉಪ್ಪು ನಾರಲ್ಲೇ ಉಳಿದು, ಬಟ್ಟೆ ಒಣಗಿದಂತೆ ಅದರ ಹುಳಿ ತೀಕ್ಷ್ಣವಾಗುತ್ತಾ ಹೋಗುತ್ತೆ, ಮೇಲೆ ಇಸ್ತ್ರಿ ಬಿದ್ದರೆ ನಾರನ್ನೇ ತಿನ್ನುತ್ತೆ. ಚೆನ್ನಾಗಿ ಜಾಲಿಸುವ ತಾಳ್ಮೆ ಇದ್ದರೆ ಮಾತ್ರ ಬಳಸಿ.

ಉದ್ದಕ್ಕೆ: ಅರ್ಧ ಒಣಗಿ ಇನ್ನೂ ತಂಪಿರುವಾಗ ಇಬ್ಬರು ಎರಡು ತುದಿ ಹಿಡಿದು ಸಮವಾಗಿ, ನಿಧಾನವಾಗಿ ಎಳೆಯಿರಿ. ಎಳೆತ ಬೀಳುವುದು ಕಾಟನ್ ಹಾಸಿನ ಮೇಲೆ, ಅದು ತಡೆಯುತ್ತೆ. ಜಗ್ಗಿದರೆ ಮೂಲೆಯಲ್ಲಿ ಜೂಟ್ ಜಾರಿ ಬಟ್ಟೆ ಸೊಟ್ಟಗಾಗುತ್ತೆ. ಪೂರ್ತಿ ವಾಪಸ್ ಬರಲ್ಲ, ಎರಡು-ಮೂರು ಇಂಚು ಬಂದರೆ ಒಳ್ಳೆಯದೇ.

ಬಸವರಾಜ_ಗದಗ
ನಮ್ಮ ಕಡೆ ಪುಂಡಿ ನಾರಿನ ಹಗ್ಗ ಮಾಡ್ತಾರ್ರೀ, ನೀರಾಗ ಕೊಳಿಸಿ ನಾರು ತಗೀತಾರ. ಹೊಲಕ್ಕ ಹಸಿರುಗೊಬ್ಬರಕ್ಕ ಹಾಕೋ ಸೆಣಬೂ ಐತಿ. ಇವರು ಹೇಳೋ ಹೆಂಪ್ ಅಂದ್ರ ಇದರಾಗ ಯಾವುದ್ರೀ? ಪುಂಡಿ ಹಗ್ಗ ಮಳ್ಯಾಗ ಬಿಟ್ರ ಒಂದು ವರ್ಷಕ್ಕ ಪುಡಿಪುಡಿ ಆಗ್ತದ.

ಹಾಸುಹೊಕ್ಕು
ಬಸವರಾಜ ಅವರೇ, ಅವೆರಡೂ ಅಲ್ಲ. ಶರ್ಟಿನ ಹೆಂಪ್ ಅಂದರೆ ಭಂಗಿ ಗಿಡದ ಕಾಂಡದ ನಾರು, ನಮ್ಮ ದೇಶದಲ್ಲಿ ಹಿಮಾಲಯದ ಕಡೆಯದು. ಉತ್ತರಾಖಂಡದಲ್ಲಿ ಪರವಾನಗಿ ಪಡೆದು ಬೆಳೆಯಲು ಅವಕಾಶವಿದೆ. ನಿಮ್ಮ ಪುಂಡಿ ಸ್ವಭಾವದಲ್ಲಿ ಜೂಟ್‌ನ ಸೋದರ, ಅದರಲ್ಲೂ ಲಿಗ್ನಿನ್ ಜಾಸ್ತಿ, ನಾರು ಜೂಟ್‌ಗಿಂತ ಒರಟು. ಮಳೆ-ಬಿಸಿಲಿಗೆ ಪುಡಿಯಾಗುವುದು ಅದೇ ಕಾರಣಕ್ಕೆ. ಹೊಲದ ಸೆಣಬಿನಲ್ಲಿ ಲಿಗ್ನಿನ್ ಕಡಿಮೆ, ಅದರ ಹಗ್ಗ ನೀರಲ್ಲಿ ಹೆಚ್ಚು ಬಾಳುತ್ತೆ.

ನೂಲಂಗಡಿ_ಚಿಕ್ಕಪೇಟೆ
ಹೆಂಪ್ ಶರ್ಟ್ ಬಗ್ಗೆ ನಾನು ಹೇಳ್ತೀನಿ. ಮೊದಲು ಅದು ನಿಜವಾಗಿ ಹೆಂಪ್ ಹೌದೋ ಅಲ್ವೋ ನೋಡಿಕೊಳ್ಳಿ, ಲಿನನ್ ಬಟ್ಟೆಗೆ ಹೆಂಪ್ ಅಂತ ಹೆಸರು ಹಾಕಿ ಮಾರೋದುಂಟು. ಒಳಗಿನ ಹೊಲಿಗೆ ಅಂಚಿಂದ ಒಂದು ಎಳೆ ತೆಗೆದು, ಅದರ ತಿರುಪು ಬಿಚ್ಚಿ, ಒಂಟಿ ನಾರನ್ನು ಬೇರೆ ಮಾಡಿ. ನೀರಲ್ಲಿ ಅದ್ದಿ, ತುದಿ ನಿಮ್ಮ ಮುಖದ ಕಡೆ ಬರುವ ಹಾಗೆ ಹಿಡಿದು ಬಿಸಿ ತಟ್ಟೆಯ ಮೇಲೆ ಒಣಗಲು ಬಿಡಿ. ಒಣಗುತ್ತಾ ತುದಿ ತಾನೇ ತಿರುಗುತ್ತೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿದರೆ ಲಿನನ್ ಅಥವಾ ರೇಮಿ, ಎದುರು ದಿಕ್ಕಿಗೆ ತಿರುಗಿದರೆ ಹೆಂಪ್ ಅಥವಾ ಜೂಟ್. ನಾರಿನ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳು ಸುತ್ತಿಕೊಂಡಿರುವ ದಿಕ್ಕು ಅದು. ಒಂದು ನಾರು ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ನೋಡಿ. ಎರಡೂ ದಿಕ್ಕಿಗೆ ಗೊಂದಲವಾಗಿ ತಿರುಗಿದರೆ ಕಾಟನ್ ಬೆರೆಸಿದ್ದಾರೆ.

ರಟ್ಟಿನಂತಾಗುವುದಕ್ಕೆ ಹೆಂಪ್ ಒಂದೇ ಕಾರಣವಲ್ಲ. ಬೋರ್‌ವೆಲ್ ನೀರಿನ ಸುಣ್ಣ ಮತ್ತು ಜಾಲಿಸದೆ ಉಳಿದ ಸೋಪು ಎಳೆಗಳ ನಡುವೆ ಕೂತು ಅಂಟುತ್ತೆ. ಅದರ ಮೇಲೆ ಬಿಸಿಲಲ್ಲಿ ಕಡ್ಡಿಯಾಗುವಷ್ಟು ಒಣಗಿಸಿದರೆ ನಾರುಗಳೂ ಒಂದಕ್ಕೊಂದು ಬಿಗಿಯುತ್ತವೆ. ಬೆಚ್ಚಗಿನ ನೀರು, 40 ಡಿಗ್ರಿ ಒಳಗೆ. ಪೌಡರ್ ಬದಲು ಲಿಕ್ವಿಡ್, ಹೇಳಿದ್ದರ ಅರ್ಧ ಪ್ರಮಾಣ. ನೀರಲ್ಲಿ ನೊರೆ ಕಾಣದವರೆಗೆ ಜಾಲಿಸಿ, ಕೊನೆಯ ಬಕೆಟ್‌ಗೆ 50 ಮಿಲಿ ವಿನೆಗರ್. ಎರಡು ಭುಜ ಹಿಡಿದು ಜೋರಾಗಿ ನಾಲ್ಕು ಸಲ ಕೊಡವಿ. ಮುಕ್ಕಾಲು ಒಣಗಿದಾಗಲೇ ತೆಗೆದು, ಒಳಮಗ್ಗುಲಿಂದ ಬಿಸಿ ಇಸ್ತ್ರಿ. ಒಣಗಿದ ಹೆಂಪ್‌ಗೆ ಎಷ್ಟು ಇಸ್ತ್ರಿ ಒತ್ತಿದರೂ ಸುಕ್ಕು ಹೋಗಲ್ಲ.

ಜೂಟ್ ಒಗೆದಷ್ಟೂ ಹಾಳಾದರೆ ಹೆಂಪ್ ಒಗೆದಷ್ಟೂ ಮೆತ್ತಗಾಗುತ್ತೆ. ಇದರ ಒಂಟಿ ಕೋಶವೇ ಜೂಟ್‌ನದ್ದಕ್ಕಿಂತ ಹಲವು ಪಟ್ಟು ಉದ್ದ, ಒಂದೂವರೆ-ಎರಡು ಸೆಂಟಿಮೀಟರ್ ಸಾಮಾನ್ಯ. ಅಂಟು ಸ್ವಲ್ಪ ಹೋದರೂ ಎಳೆಯ ಬಲ ಉಳಿಯುತ್ತೆ, ಬಿರುಸು ಮಾತ್ರ ಇಳಿಯುತ್ತೆ.

ಟೊರಾಂಟೊ_ಕನ್ನಡಿಗ
ಇಲ್ಲಿ ನಾವೆಲ್ಲ ಡ್ರೈಯರ್‌ಗೆ ಹಾಕ್ತೀವಿ. ಕಡಿಮೆ ಶಾಖದಲ್ಲಿ 15 ನಿಮಿಷ ತಿರುಗಿಸಿ ತೆಗೆದರೆ ಹೆಂಪ್ ಎಷ್ಟು ಮೆತ್ತಗೆ ಬರುತ್ತೆ ಅಂದರೆ ಇಸ್ತ್ರಿಯೇ ಬೇಡ. ಕಂಫರ್ಟ್ ಥರದ ಸಾಫ್ಟ್‌ನರ್ ಹಾಕಿದರೂ ಆಗುತ್ತಲ್ಲ?

ನೂಲಂಗಡಿ_ಚಿಕ್ಕಪೇಟೆ
ಸಾಫ್ಟ್‌ನರ್ ನಾರಿನ ಮೇಲೆ ಜಿಡ್ಡಿನ ಪದರ ಬಿಡುತ್ತೆ. ಮೊದಲ ಸಲ ಹಿತ ಅನಿಸುತ್ತೆ, ಆಮೇಲೆ ಬೆವರು ಹೀರೋದೇ ನಿಂತುಹೋಗುತ್ತೆ, ಹೆಂಪ್ ಹಾಕಿಕೊಳ್ಳೋದೇ ಅದಕ್ಕಾಗಿ. ಡ್ರೈಯರ್ ಜಾಲರಿಯಲ್ಲಿ ಸಿಗುವ ಧೂಳನ್ನು ನೋಡಿ ಸರ್, ಅದೆಲ್ಲ ನಿಮ್ಮ ಶರ್ಟೇ.

ಟೊರಾಂಟೊ_ಕನ್ನಡಿಗ
ಆ ಧೂಳು ಹೊಸದರಲ್ಲಿ ಜಾಸ್ತಿ, ಆಮೇಲೆ ತೀರಾ ಕಡಿಮೆ. ಹೊರಗೆ ಚಾಚಿಕೊಂಡ ತುಂಡು ನಾರು ಉದುರಿದರೆ ಚುಚ್ಚೋದು ಕಡಿಮೆಯಾಗುತ್ತೆ, ನನ್ನ ದೃಷ್ಟಿಯಲ್ಲಿ ಅದು ಲಾಭವೇ. ಅರ್ಧ ಒದ್ದೆ ಇರುವಾಗಲೇ ತೆಗೆಯಬೇಕು ಅನ್ನೋದು ಒಪ್ಪಿದೆ.

ಹಾಸುಹೊಕ್ಕು
ನೀವಿಬ್ಬರೂ ಹೇಳುವುದರಲ್ಲಿ ಹುರುಳಿದೆ. ನಾನಾದರೆ ಹೊಸ ಶರ್ಟಿಗೆ ಎರಡು-ಮೂರು ಸಲ ಡ್ರೈಯರ್, ಆಮೇಲೆ ಹಗ್ಗ ಅಂತೀನಿ. ಆದರೆ ರೇಮಿಯನ್ನು ಯಾವತ್ತೂ ಡ್ರೈಯರ್‌ಗೆ ಹಾಕಬೇಡಿ. ಕಾರಣ ಕಾಲರ್ ಪ್ರಶ್ನೆಯಲ್ಲೇ ಇದೆ.

ರೇಮಿಯ ಒಂದು ಕೋಶವೇ 12-15 ಸೆಂಟಿಮೀಟರ್ ಇರಬಹುದು. ಗಿಡದ ನಾರುಗಳಲ್ಲೇ ಅತಿ ಉದ್ದದ ಕೋಶ. ಕ್ಷಾರದಲ್ಲಿ ಕುದಿಸಿ ಅದರ ಗೋಂದನ್ನು ಪೂರ್ತಿ ತೆಗೆದು, ಒಂಟಿ ಕೋಶಗಳನ್ನೇ ನೂಲುತ್ತಾರೆ. ಅದಕ್ಕೇ ಆ ಹೊಳಪು, ಎಳೆದರೆ ತುಂಡಾಗದ ಗಟ್ಟಿತನ. ಆದರೆ ಒಳಗಿನ ಸೆಲ್ಯುಲೋಸ್ ತುಂಬ ಒತ್ತಾಗಿ, ನೆಟ್ಟಗೆ ಜೋಡಿಸಿಕೊಂಡಿರುತ್ತೆ. ಬಗ್ಗಿಸಿದರೆ ಹೊರಮಗ್ಗುಲು ಹಿಗ್ಗಬೇಕು, ಅದಕ್ಕೆ ಹಿಗ್ಗುವ ಗುಣವೇ ಕಡಿಮೆ, ನೂರಕ್ಕೆ ಮೂರು-ನಾಲ್ಕು ಪಾಲು ಹಿಗ್ಗಿದರೆ ಕಡಿಯುತ್ತೆ. ಒಂದೇ ಗೆರೆಯಲ್ಲಿ ದಿನಾ ಮಡಿಚಿ, ಅದರ ಮೇಲೆ ಇಸ್ತ್ರಿ ಒತ್ತಿ, ಕುತ್ತಿಗೆ ಉಜ್ಜಿದರೆ ಅಲ್ಲೇ ಕಡಿಯಬೇಕು. ಎಳೆತಕ್ಕೆ ಗಟ್ಟಿ ಅಂದ ಮಾತ್ರಕ್ಕೆ ಮಡಿಕೆಗೂ ಗಟ್ಟಿ ಅಂತಲ್ಲ, ಈ ಮೂರು ನಾರುಗಳ ವಿಷಯದಲ್ಲಿ ಜನ ಎಡವುವುದೇ ಇಲ್ಲಿ. ಸುಕ್ಕು ಬೀಳದ ಫಿನಿಶ್ ಕೊಟ್ಟ ರೇಮಿ ಇನ್ನೂ ಬೇಗ ಕಡಿಯುತ್ತೆ, ಆ ಫಿನಿಶ್ ಇದ್ದಬದ್ದ ಹಿಗ್ಗನ್ನೂ ಕಟ್ಟಿಹಾಕುತ್ತೆ.

ಸುಮಾ ಅವರೇ, ಎಳೆ ಬಿಟ್ಟಿರುವುದು ಕಾಲರ್‌ನ ಮೇಲಿನ ಮಗ್ಗುಲಲ್ಲಿ ಮಾತ್ರ ಆದರೆ ದರ್ಜಿಗೆ ಕೊಟ್ಟು ಕಾಲರ್ ತಿರುಗಿಸಿ ಹೊಲಿಸಿ. ಕಾಲರ್ ಪಟ್ಟಿಯಿಂದ ಬಿಡಿಸಿ, ಅಡಿಯದು ಮೇಲಕ್ಕೆ ಬರುವ ಹಾಗೆ ಮತ್ತೆ ಕೂರಿಸುತ್ತಾರೆ. ಆಮೇಲೆ ಕಾಲರ್ ಬಿಡಿಸಿ ಚಪ್ಪಟೆಯಾಗಿ ಇಸ್ತ್ರಿ ಮಾಡಿ, ಮಡಿಕೆಯ ಮೇಲೆ ಇಸ್ತ್ರಿ ಇಡಬೇಡಿ, ಕೈಯಲ್ಲೇ ಮಡಿಸಿ ಬಿಡಿ. ಹ್ಯಾಂಗರ್‌ನಲ್ಲಿಡಿ. ರೇಮಿ ಸೀರೆ, ಮೇಜುಬಟ್ಟೆ ಇದ್ದರೆ ರಟ್ಟಿನ ಕೊಳವೆಗೆ ಸುತ್ತಿಡಿ. ಗಂಜಿ ಹಾಕಿದರೆ ಇನ್ನೂ ಕೆಡುತ್ತೆ.

ಚಂದನ_ಸೋಲ್
ಗಂಜಿ ವಿಷಯದಲ್ಲಿ ನನಗೆ ಒಂದು ಸಂಶಯ. ಕೊರಿಯಾದಲ್ಲಿ ಹನ್‌ಸಾನ್ ಊರಿನ ಮೋಸಿ ಬಟ್ಟೆ ಪೂರ್ತಿ ರೇಮಿಯೇ, ಅದರ ನೇಯ್ಗೆ 2011ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಬೇಸಿಗೆಯಲ್ಲಿ ಉಡುವ ಆ ಬಟ್ಟೆಗೆ ಇಲ್ಲಿನವರು ಗಂಜಿ ಹಾಕಿಯೇ ಉಡುತ್ತಾರೆ, ಮೈಗೆ ಅಂಟದೆ ಗಾಳಿಯಾಡಲಿ ಅಂತ. ಗಂಜಿ ಅಷ್ಟು ಕೆಟ್ಟದ್ದಾದರೆ ಇದು ಹೇಗೆ?

ಹಾಸುಹೊಕ್ಕು
ಒಳ್ಳೆಯ ಪ್ರಶ್ನೆ. ಆ ಉಡುಪಿನಲ್ಲಿ ನಮ್ಮ ಶರ್ಟಿನಂತೆ ಮಡಿಚಿ ಕೂರಿಸುವ ಕಾಲರ್ ಇಲ್ಲ, ಸಡಿಲವಾಗಿ ಇಳಿಬಿಟ್ಟ ಬಟ್ಟೆ. ಗಂಜಿ ಬಟ್ಟೆಯನ್ನು ನೆಟ್ಟಗೆ ನಿಲ್ಲಿಸುತ್ತೆ, ಮಡಿಕೆ ಬೀಳದ ಕಡೆ ತೊಂದರೆ ಕಡಿಮೆ ಇರಬೇಕು. ಹಾಗಾಗಿ ನನ್ನ ಮಾತನ್ನು ಕಾಲರ್, ಕಫ್, ಪ್ಯಾಂಟಿನ ಗೆರೆ ಇಷ್ಟಕ್ಕೆ ಸೀಮಿತ ಅಂದುಕೊಳ್ಳಿ. ಇಳಿಬಿಟ್ಟ ಬಟ್ಟೆಗೆ ತೆಳು ಗಂಜಿ ಹಾಕುವುದರ ಬಗ್ಗೆ ಬಳಸಿದವರೇ ಹೇಳಲಿ.

ರಫೀಕ್_ಸೋಫಾ
ಜೂಟ್ ಸೋಫಾಗೆ ಬೇಡ ಅಂತಿದ್ದೀರಾ? ನಾವು ಸೀಟಿನ ಕೆಳಗೆ ಹಾಕೋದೇ ಜೂಟ್ ಪಟ್ಟಿ.

ಹಾಸುಹೊಕ್ಕು
ಯಾರೂ ಬೇಡ ಅಂದಿಲ್ಲ ರಫೀಕ್ ಭಾಯ್, ಇಲ್ಲಿ ಮಾತು ಪರದೆಯದ್ದು. ಆದರೆ ನೀವು ಬಂದದ್ದು ಒಳ್ಳೆಯದಾಯಿತು. ಪಟ್ಟಿ ಯಾಕೆ ಬಾಳುತ್ತೆ, ಸೀಟಿನ ಮೇಲುಬಟ್ಟೆ ಯಾಕೆ ಬಾಳಲ್ಲ, ಹೇಳಿ.

ರಫೀಕ್_ಸೋಫಾ
ಪಟ್ಟಿಗೆ ಬರೀ ಎಳೆತ ಸರ್, ಉಜ್ಜಾಟ ಇಲ್ಲ, ಬಿಸಿಲು ಇಲ್ಲ, ನೀರು ಬೀಳಲ್ಲ. ಜೂಟ್ ಹಿಗ್ಗೋದು ನೂರಕ್ಕೆ ಒಂದು-ಎರಡು ಪಾಲು ಅಷ್ಟೇ, ಅದಕ್ಕೇ ಸೀಟು ಬೇಗ ಕುಸಿಯಲ್ಲ. ಎರಡಿಂಚಿನ ಪಟ್ಟಿ ಬಿಗಿಯಾಗಿ ಎಳೆದು, ಒಂದರ ಮೇಲೆ ಒಂದರ ಕೆಳಗೆ ಹೆಣೆದು ಹೊಡೀಬೇಕು. ತುದಿ ಒಂದಿಂಚು ಮಡಿಚಿ ಎರಡು ಪದರದ ಮೇಲೆ ಮೊಳೆ. ಮೊಳೆ ಸಾಲಾಗಿ ಹೊಡೆದರೆ ಮರ ಸೀಳುತ್ತೆ, ಪಟ್ಟಿನೂ ಅದೇ ಗೆರೆಯಲ್ಲಿ ಹರಿಯುತ್ತೆ, ಹಿಂದೆ ಮುಂದೆ ಹೊಡೀರಿ. ಹಳೇ ಸೋಫಾ ಕೆಳಗೆ ಕಂದು ಪುಡಿ ಉದುರಿದ್ರೆ ಪಟ್ಟಿ ಮುಗೀತು ಅಂತ, ಬಿಗಿ ಮಾಡಿ ಪ್ರಯೋಜನ ಇಲ್ಲ, ಬದಲಾಯಿಸಬೇಕು.

ಸೀಟಿನ ಮೇಲೆ ಕೂತು ಎದ್ದು ಉಜ್ಜಾಡ್ತಾರೆ. ಅಂಟಿಸಿದ ಸಣ್ಣ ನಾರು ಬಿಟ್ಟುಕೊಂಡು ಪುಡಿಪುಡಿಯಾಗಿ ಉದುರುತ್ತೆ, ಹೊಲಿಗೆ ಮೂಲೆಯಲ್ಲಿ ಹಿಗ್ಗಲ್ಲ, ಹರಿಯುತ್ತೆ. ಗಿರಾಕಿಗೆ ಜೂಟೇ ಬೇಕು ಅಂದ್ರೆ ನಾನು ಬೆನ್ನಿಗೆ, ಹೊರಗಿನ ಪಕ್ಕಕ್ಕೆ ಹಾಕ್ತೀನಿ, ಸೀಟಿಗೆ ಹೆಂಪ್-ಕಾಟನ್ ತೋರಿಸ್ತೀನಿ.

ಕರಾವಳಿ_ವೀಣಾ
ಉಡುಪಿಯಲ್ಲಿ ಮಳೆಗಾಲಕ್ಕೆ ನಮ್ಮ ಜೂಟ್ ನೆಲಹಾಸಿನ ಅಡಿಯಲ್ಲಿ ಕಪ್ಪು ಚುಕ್ಕೆ ಮಾರಾಯ್ರೆ. ತಂದದ್ದು ಹೊಸತೇ, ಆದರೂ ಸೀಮೆಎಣ್ಣೆ ವಾಸನೆ ಬೇರೆ. ಎರಡಕ್ಕೂ ಏನು ಮಾಡುವುದು?

ಹಾಸುಹೊಕ್ಕು
ವೀಣಾ ಅವರೇ, ವಾಸನೆ ಗಿರಣಿಯದು. ಬಿರುಸು ನಾರು ಮೆತ್ತಗಾಗಿ ಯಂತ್ರದಲ್ಲಿ ಓಡಲಿ ಅಂತ ಖನಿಜ ತೈಲ ಮತ್ತು ನೀರು ಬೆರೆಸಿ ಚಿಮುಕಿಸುತ್ತಾರೆ. ಆಹಾರ ಧಾನ್ಯದ ಚೀಲಗಳಿಗೆ ಅಕ್ಕಿ ತೌಡಿನ ಎಣ್ಣೆ ಬಳಸುವುದೂ ಉಂಟು. ಒಗೆದು ತೆಗೆಯಲು ಹೋಗಬೇಡಿ, ಗಾಳಿಯಾಡುವ ನೆರಳಲ್ಲಿ ಕೆಲವು ವಾರ ಹರಡಿದರೆ ತಾನೇ ಇಳಿಯುತ್ತೆ.

ಕಪ್ಪು ಚುಕ್ಕೆ ಬೂಷ್ಟು. ಜೂಟ್ ಗಾಳಿಯ ತೇವವನ್ನು ತನ್ನ ತೂಕದ ನೂರಕ್ಕೆ ಹದಿಮೂರು-ಹದಿನಾಲ್ಕು ಪಾಲು ಸಾಮಾನ್ಯ ದಿನದಲ್ಲೇ ಹಿಡಿದಿರುತ್ತೆ, ನಿಮ್ಮ ಜುಲೈನಲ್ಲಿ ಇನ್ನೂ ಹೆಚ್ಚು. ಹೊರಗೆ ಒಯ್ದು ಒಣ ಬ್ರಷ್‌ನಲ್ಲಿ ಉಜ್ಜಿ ಕೊಡವಿ, ಬಿಸಿಲು ಬಂದ ದಿನ ಅಡಿಮಗ್ಗುಲು ಮೇಲೆ ಮಾಡಿ ಒಣಗಿಸಿ. ಚುಕ್ಕೆಯ ಗುರುತು ಹೋಗುವ ಭರವಸೆ ಕೊಡಲಾರೆ. ನಾರನ್ನು ಉಗುರಲ್ಲಿ ಎತ್ತಿದಾಗ ತುಂಡಾಗಿ ಬಂದರೆ ನೆಲಹಾಸು ಕೊಳೆತಿದೆ. ಮಳೆಗಾಲ ನಾಲ್ಕು ತಿಂಗಳು ಅದನ್ನು ಸುತ್ತಿ ಅಟ್ಟದ ಮೇಲಿಡುವುದೇ ಲೇಸು, ಪ್ಲಾಸ್ಟಿಕ್‌ನಲ್ಲಿ ಅಲ್ಲ, ಹಳೇ ಕಾಟನ್ ಸೀರೆಯಲ್ಲಿ.

ಸುಮಾ_ಮೈಸೂರು
ವಿನೆಗರ್ ಮಾಡಿದೆ. ಒಂದು ಪರದೆಯ ಗೆರೆ ಪೂರ್ತಿ ಹೋಯಿತು, ಇನ್ನೊಂದರಲ್ಲಿ ಮೂಲೆಯಲ್ಲಿ ತೆಳುವಾಗಿ ಉಳಿದಿದೆ. ಎಳೆದ ಮೇಲೆ ಉದ್ದ 80.5. ಇನ್ನೂ ಮೂರೂವರೆ ಇಂಚು ಬೇಕು. ಲೈನಿಂಗ್ ಹಾಕಿಸಿದರೆ ಬಿಸಿಲಿಂದ ಉಳಿಯುತ್ತಾ, ಅಥವಾ ಆಗಲೇ ತಡವಾಗಿದೆಯಾ?

ನೂಲಂಗಡಿ_ಚಿಕ್ಕಪೇಟೆ
ಕೆಳಗಿನ ಮಡಿಕೆ ನಾಲ್ಕಿಂಚು ಇದ್ದರೆ ಬಿಚ್ಚಿಸಿ. ಬಟ್ಟೆ ಪೂರ್ತಿ ಕೆಳಗೆ ಬಿಟ್ಟು, ಅಂಚಿಗೆ ಅರ್ಧ ಇಂಚಿನ ಹೊಲಿಗೆಯಲ್ಲಿ ಹಿಂದಿನಿಂದ ಕಾಟನ್ ಪಟ್ಟಿ ಕೊಟ್ಟರೆ ಮೂರೂವರೆ ಇಂಚು ಸಿಗುತ್ತೆ, 84 ಬರುತ್ತೆ. ಹಳೇ ಮಡಿಕೆಯ ಗೆರೆ ಸ್ವಲ್ಪ ಬೇರೆ ಬಣ್ಣ ಕಾಣಬಹುದು, ಅದರ ಮೇಲೆ ಒಂದು ಲೇಸ್ ಓಡಿಸಿ.

ಹಾಸುಹೊಕ್ಕು
ತಡವಾಗಿದೆಯೋ ಇಲ್ಲವೋ ನೀವೇ ನೋಡಬಹುದು. ಮಡಿಕೆ ಬಿಚ್ಚಿದಾಗ ಒಳಗಡೆ ಬಿಸಿಲು ಕಾಣದ ಜೂಟ್ ಎಳೆ ಒಂದನ್ನು ತೆಗೆಯಿರಿ. ಇನ್ನೊಂದನ್ನು ಕಿಟಕಿ ಕಡೆಯ ಪಕ್ಕದ ಅಂಚಿಂದ. ಎರಡನ್ನೂ ಎರಡೂ ಕೈಯ ಹೆಬ್ಬೆರಳು-ತೋರುಬೆರಳಲ್ಲಿ ಎರಡಿಂಚು ಅಂತರಕ್ಕೆ ಹಿಡಿದು ನಿಧಾನ ಎಳೆಯಿರಿ. ಒಳಗಿನದು ಬೆರಳು ಕೊರೆಯುವಷ್ಟು ತಡೆದು ಆಮೇಲೆ ಸೀಳಿ, ಉದ್ದುದ್ದ ಕೂದಲು ಬಿಟ್ಟು ತುಂಡಾಗುತ್ತೆ. ಬಿಸಿಲು ತಿಂದದ್ದು ಪಟ್ ಅಂತ ಚಿಕ್ಕದಾಗಿ ಮುರಿದು, ತುದಿ ಮೊಂಡಾಗಿರುತ್ತೆ, ಬಣ್ಣವೂ ಹಳದಿ-ಕಂದು. ಬೆಳಕು ಲಿಗ್ನಿನ್ ಮೇಲೆ ಬಿದ್ದು ಆಗುವ ಹಾಳು ಅದು, ಯಾವ ಒಗೆತವೂ ವಾಪಸ್ ತರಲ್ಲ. ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲದಿದ್ದರೆ ಲೈನಿಂಗ್‌ಗೆ ದುಡ್ಡು ಹಾಕಿ.

ಲೈನಿಂಗ್ ಕಾಟನ್ ಅನ್ನು ಮೊದಲೇ ಬಿಸಿನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಕತ್ತರಿಸಿ. ಮೇಲೆ ಮತ್ತು ಪಕ್ಕಕ್ಕೆ ಮಾತ್ರ ಹೊಲಿಸಿ, ಕೆಳಗೆ ಬಿಡಿಯಾಗಿ ಒಂದಿಂಚು ಗಿಡ್ಡವಾಗಿ ಇಳಿಬಿಡಿ. ಜೂಟ್ ಮಳೆಗಾಲ-ಬೇಸಿಗೆಗೆ ಉಬ್ಬಿ ಇಳಿಯುತ್ತಲೇ ಇರುತ್ತೆ, ಪರದೆಯ ಉದ್ದ ಅದಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಆಗುತ್ತೆ. ಕೆಳಗೂ ಹೊಲಿದರೆ ಒಂದು ಋತುವಿನಲ್ಲಿ ಪರದೆ ಚೀಲದ ಹಾಗೆ ಜೋಲುತ್ತೆ. ಇನ್ನು ಮುಂದೆ ಒಗೆಯಬೇಡಿ, ವ್ಯಾಕ್ಯೂಮ್‌ನ ಮೆತ್ತನೆ ಬ್ರಷ್ ಹಾಕಿ ಮೇಲಿಂದ ಕೆಳಗೆ ಎಳೆಯಿರಿ. ಅದಿಲ್ಲದಿದ್ದರೆ ಹೊರಗೆ ಒಯ್ದು ಕೊಡವಿದರೂ ಆಯಿತು.

ಸುಮಾ_ಮೈಸೂರು
ಮೂಲೆಯಲ್ಲಿ ಉಳಿದ ತೆಳು ಗೆರೆಗೆ ಇನ್ನೊಂದು ಸಲ ವಿನೆಗರ್ ಮಾಡಲಾ?

ಹಾಸುಹೊಕ್ಕು
ಬೇಡ. ಪ್ರತಿ ನೆನೆಸುವಿಕೆಗೂ ಜೂಟ್ ಸ್ವಲ್ಪ ಸ್ವಲ್ಪ ಸಡಿಲವಾಗುತ್ತೆ. ಆ ಮೂಲೆಯನ್ನು ಗೋಡೆ ಕಡೆಗೆ ತಿರುಗಿಸಿ ಹಾಕಿ.